ಬೀಜದುಂಡೆಯ ಬದಲು ಒಂದು ಪೊಟರೆ ಉಳಿಸಿ: ಅರಣ್ಯ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಅರಣ್ಯ ಸಚಿವರಿಗೆ,

ನಮಸ್ಕಾರಗಳು.

ಮುಂಗಾರು ಹತ್ತಿರವಾಗುತ್ತಿದ್ದಂತೆ ನಮ್ಮ ಉತ್ತರ ಕನ್ನಡದಲ್ಲಿ ಬೀಜದುಂಡೆಯ ಕಾರ್ಯಕ್ರಮಗಳು ಶುರುವಾಗುತ್ತವೆ. ಶಾಲೆಯ ಮಕ್ಕಳು ಮಣ್ಣು, ಸಗಣಿ ಕಲಸಿ ಉಂಡೆ ಕಟ್ಟುತ್ತಾರೆ, ಗಣ್ಯರು ಎಸೆಯುತ್ತಾರೆ, ಫೋಟೊ ಬರುತ್ತದೆ. ಮಕ್ಕಳ ಉತ್ಸಾಹದ ಬಗ್ಗೆ ನನಗೆ ತಕರಾರಿಲ್ಲ. ತಕರಾರಿರುವುದು ಉಂಡೆಯೊಳಗಿನ ಬೀಜದ ಬಗ್ಗೆ. ವಾರಗಟ್ಟಲೆ ಒಣಗಿಸಿಟ್ಟರೂ ಸಾಯದ ಬೀಜಗಳಷ್ಟೇ ಅಲ್ಲಿ ಬದುಕುತ್ತವೆ. ನಮ್ಮ ಕಾನುಗಳ ದೊಡ್ಡ ಮರಗಳಲ್ಲಿ ಹಲವು ಈ ಜಾತಿಯವಲ್ಲ.

ರಾಮಪತ್ರೆಯನ್ನೇ ನೋಡಿ. ಅದರ ಕಾಯಿ ಬಿರಿದಾಗ ಒಳಗಿನ ಬೀಜದ ಮೇಲೆ ಕೆಂಪು ಜಾಲರಿಯಂತಹ ಪತ್ರೆ ಕಾಣುತ್ತದೆ. ಬೀಜ ಒಣಗಿತೆಂದರೆ ಅದರ ಮೊಳೆಯುವ ಶಕ್ತಿ ಹೋಯಿತು. ಅದನ್ನು ಗೋದಾಮಿನಲ್ಲಿಡಲು ಬರುವುದಿಲ್ಲ, ಉಂಡೆ ಕಟ್ಟಿ ಬಿಸಿಲಿಗೆ ಹರವಲೂ ಬರುವುದಿಲ್ಲ. ಹಾಗೆಂದು ತಾಯಿಮರದ ಬುಡದಲ್ಲೇ ಬಿದ್ದರೆ ದಟ್ಟ ನೆರಳು, ಕೊರೆಯುವ ಹುಳು ಮತ್ತು ದಂಶಕಗಳ ಬಾಯಿಂದ ತಪ್ಪಿಸಿಕೊಳ್ಳುವುದು ಕಷ್ಟ. ಅದು ಹಸಿಯಾಗಿರುವಾಗಲೇ ದೂರ ಹೋಗಬೇಕು. ಆ ಗಾತ್ರದ ಬೀಜವನ್ನು ಇಡಿಯಾಗಿ ನುಂಗುವಷ್ಟು ಅಗಲ ಬಾಯಿಯ ಹಕ್ಕಿಗಳು ಕಾಡಿನಲ್ಲಿ ಬೆರಳೆಣಿಕೆಯಷ್ಟು. ಅವುಗಳಲ್ಲಿ ಮುಖ್ಯವಾದದ್ದು ಮಂಗಟ್ಟೆ, ಅಂದರೆ ಹಾರ್ನ್‌ಬಿಲ್.

ಮಂಗಟ್ಟೆ ಕೊಕ್ಕಿನ ತುದಿಯಿಂದ ಬೀಜವನ್ನು ಕಿತ್ತು, ತಲೆಯೆತ್ತಿ ಗಂಟಲಿಗೆ ಎಸೆದುಕೊಳ್ಳುತ್ತದೆ. ಹೊಟ್ಟೆಯಲ್ಲಿ ಪತ್ರೆಯಷ್ಟೇ ಕರಗುತ್ತದೆ, ಗಟ್ಟಿ ಬೀಜಕ್ಕೆ ಏನೂ ಆಗುವುದಿಲ್ಲ. ಸ್ವಲ್ಪ ಹೊತ್ತಿನ ಬಳಿಕ ಹಕ್ಕಿ ಅದನ್ನು ಬಾಯಿಂದಲೇ ಹೊರಹಾಕುತ್ತದೆ. ಅಷ್ಟರಲ್ಲಿ ಅದು ಬೇರೊಂದು ಮರಕ್ಕೆ, ಕೆಲವೊಮ್ಮೆ ಬೇರೊಂದು ಗುಡ್ಡಕ್ಕೆ ಹಾರಿರುತ್ತದೆ. ತೋಟ, ಗದ್ದೆಗಳ ನಡುವೆ ತುಂಡಾದ ಒಂದು ಕಾನಿನಿಂದ ಇನ್ನೊಂದು ಕಾನಿಗೆ ರಾಮಪತ್ರೆ, ಧೂಪದಂತಹ ಮರಗಳು ದಾಟುವುದು ಹೆಚ್ಚಾಗಿ ಹೀಗೆಯೇ.

ಬಾವಲಿಯ ಕೆಲಸ ಇದಕ್ಕಿಂತ ಬೇರೆ. ಮಂಗಟ್ಟೆ ಮರವಿಲ್ಲದ ಬಯಲಿಗೆ ಇಳಿಯಲು ಹಿಂಜರಿಯುತ್ತದೆ, ಬಾವಲಿಗೆ ಆ ಅಳುಕಿಲ್ಲ. ಅತ್ತಿ, ಬಸರಿ, ಗೋಳಿಯ ಸಣ್ಣ ಬೀಜಗಳು ಹಣ್ಣಿನ ರಸದೊಡನೆ ಅದರ ಹೊಟ್ಟೆಗಿಳಿದು, ಅರ್ಧ ಗಂಟೆಯ ಆಸುಪಾಸಿನಲ್ಲಿ ಹಿಕ್ಕೆಯೊಡನೆ ಹೊರಬೀಳುತ್ತವೆ. ಎಷ್ಟೋ ಸಲ ಅದು ಹಾರುತ್ತಿರುವಾಗಲೇ ನಡೆಯುತ್ತದೆ. ಹಾಗಾಗಿಯೇ ಬೋಳುಗುಡ್ಡದಲ್ಲೂ ಬಂಡೆಯ ಸೀಳಿನಲ್ಲೂ ಯಾರೂ ನೆಡದ ಗೋಳಿ ಎದ್ದಿರುತ್ತದೆ. ಹೊನ್ನೆಕಾಯಿ, ಗೇರು, ಅಡಿಕೆಯಂತಹ ದೊಡ್ಡವನ್ನು ಅದು ನುಂಗುವುದಿಲ್ಲ. ಬಾಯಲ್ಲಿ ಕಚ್ಚಿಕೊಂಡು ಬೇರೊಂದು ಮರಕ್ಕೆ ಒಯ್ದು, ಅಲ್ಲಿ ತೂಗಿಕೊಂಡು ಸಿಪ್ಪೆ ಚೀಪಿ ಬೀಜ ಬೀಳಿಸುತ್ತದೆ. ನಮ್ಮ ತೋಟದಂಚಿನ ಮಾವಿನ ಮರದಡಿ ಬೆಳಗ್ಗೆ ಬಾವಲಿ ಅಡಿಕೆ ಹೆಕ್ಕಲು ಹೋಗುವುದು ನಮ್ಮಲ್ಲಿ ರೂಢಿ. ಬಾವಲಿಯನ್ನು ಬೈಯುತ್ತಲೇ ಹೆಕ್ಕುತ್ತೇವೆ, ಆ ಮಾತು ಬೇರೆ.

ಹೀಗೆ ಬಯಲಿನಲ್ಲಿ ಮೊದಲ ಗೋಳಿ, ಅತ್ತಿಗಳನ್ನು ಬಾವಲಿ ಎಬ್ಬಿಸುತ್ತದೆ. ಅವು ಬೆಳೆದು ಹಣ್ಣು ಬಿಟ್ಟ ಮೇಲೆ ಮಂಗಟ್ಟೆ ಅಲ್ಲಿ ಬಂದು ಕೂರುತ್ತದೆ, ಕೂತಲ್ಲಿ ಕಾನಿನ ಬೀಜ ಬೀಳಿಸುತ್ತದೆ. ಈ ಎರಡನೆಯ ಹಂತ ತಾನಾಗಿ ನಡೆಯಬೇಕಾದರೆ ಹತ್ತಿರದಲ್ಲೆಲ್ಲೋ ಹಣ್ಣು ಬಿಡುವ ಹಳೆಯ ಕಾನು ಇರಲೇಬೇಕು. ಪ್ರತಿ ಬೇಸಿಗೆ ಬೆಂಕಿ ಬೀಳುವ ಗುಡ್ಡದಲ್ಲಿ, ದನಗಳು ಚಿಗುರು ಉಳಿಸದ ಜಾಗದಲ್ಲಿ ಎಷ್ಟು ಬೀಜ ಬಿದ್ದರೂ ಫಲವಿಲ್ಲ. ಅಕೇಶಿಯ ನೆಡುತೋಪಿನಲ್ಲಿ ಮಂಗಟ್ಟೆಗೂ ಬಾವಲಿಗೂ ತಿನ್ನಲು ಅಂಥದ್ದೇನೂ ಇಲ್ಲ, ಹಾಗಾಗಿ ಅಲ್ಲಿ ತಂಗುವ ಕಾರಣವೂ ಇಲ್ಲ.

ಈಗ ನಿಮ್ಮ ಇಲಾಖೆಯ ವಿಷಯಕ್ಕೆ ಬರುತ್ತೇನೆ. ರಸ್ತೆ ಅಗಲ ಮಾಡುವಾಗ ಕಡಿಯಬೇಕಾದ ಮರಗಳ ಪಟ್ಟಿ ತಯಾರಾಗುತ್ತದೆ. ಅದರಲ್ಲಿ ಮರದ ಜಾತಿ ಇರುತ್ತದೆ, ಸುತ್ತಳತೆ ಇರುತ್ತದೆ. ಪೊಟರೆ ಇದೆಯೇ, ಬಾವಲಿ ತೂಗುತ್ತಿವೆಯೇ ಎಂಬ ಕಲಮು ನಾನು ನೋಡಿದ ಪಟ್ಟಿಗಳಲ್ಲಿ ಇರಲಿಲ್ಲ. ಒಳಗೆ ಟೊಳ್ಳಾದ ಮರಕ್ಕೆ ನಾಟದ ಬೆಲೆ ಇಲ್ಲ, ಗೋಳಿಗಂತೂ ಮೊದಲೇ ಇಲ್ಲ. ಆದ್ದರಿಂದ ಅವು ಕಾಗದದ ಮೇಲೆ ನಷ್ಟವೇ ಅಲ್ಲ. ಆದರೆ ಮಂಗಟ್ಟೆ ಪೊಟರೆ ಕೊರೆಯಲಾರದು. ಮರಕುಟಿಗ ಕೊರೆದದ್ದೋ ಕೊಂಬೆ ಮುರಿದು ಕೊಳೆತದ್ದೋ ಹಿಗ್ಗಿ ದೊಡ್ಡದಾದ ಮೇಲಷ್ಟೇ ಅದಕ್ಕೆ ಮನೆ. ಮರಿಗಾಲದಲ್ಲಿ ಹೆಣ್ಣು ಒಳಗೆ ಸೇರಿ ಬಾಗಿಲು ಮೆತ್ತಿಕೊಂಡು ತಿಂಗಳುಗಟ್ಟಲೆ ಇರುತ್ತದೆ. ಉಳಿದ ಸೀಳಿನಿಂದ ಗಂಡು ಉಣಿಸುತ್ತದೆ. ದೊಡ್ಡ ಮಂಗಟ್ಟೆಯದಾದರೆ ಸಾಮಾನ್ಯವಾಗಿ ಜನವರಿಯಿಂದ ಏಪ್ರಿಲ್, ಮೇವರೆಗೆ. ರಸ್ತೆ ಕೆಲಸ ಭರದಿಂದ ಸಾಗುವುದೂ ಅದೇ ತಿಂಗಳುಗಳಲ್ಲಿ. ಆಗ ಮರ ಉರುಳಿದರೆ ಹೆಣ್ಣು, ಮರಿ ಎರಡೂ ಹೋದಂತೆ. ಜೋಡಿ ವರ್ಷ ವರ್ಷವೂ ಹುಡುಕಿ ಬರುತ್ತಿದ್ದ ಪೊಟರೆಯೂ ಹೋಯಿತು.

ಗುರುತಿಸುವುದು ಕಷ್ಟವಲ್ಲ, ನಿಮ್ಮ ಅರಣ್ಯ ವೀಕ್ಷಕರಿಗೆ ಇದು ಗೊತ್ತು. ಒಂದೇ ಮರದ ಬುಡದಲ್ಲಿ ಆ ಮರದ್ದಲ್ಲದ ನಾಲ್ಕಾರು ಬಗೆಯ ಬೀಜ, ಸಸಿ ಕಿಕ್ಕಿರಿದಿದ್ದು, ಕಾಂಡದ ಮೇಲೆ ಮೆತ್ತಿದ ಸೀಳು ಕಂಡರೆ ಅದು ಗೂಡಿನ ಮರ. ಮಾವಿನ ಕೆಳಗೆ ಹೊನ್ನೆಯ ಗೊರಟು, ಚೀಪಿ ಉಗಿದ ನಾರಿನ ಉಂಡೆಗಳು ಸಿಕ್ಕರೆ ಅಲ್ಲಿ ಬಾವಲಿ ಉಣ್ಣುತ್ತದೆ. ಗೂಡಿನ ಬುಡದ ಸಸಿಗಳಲ್ಲಿ ಹೆಚ್ಚಿನವು ಒಂದಕ್ಕೊಂದು ಪೈಪೋಟಿ ಮಾಡಿ ಸಾಯುವಂಥವು. ಮರಿ ಹಾರಿಹೋದ ಮೇಲೆ, ಮಳೆ ಹಿಡಿದಾಗ ಅವುಗಳಲ್ಲಿ ಕೆಲವನ್ನು ಇಲಾಖೆಯ ನರ್ಸರಿಗೆ ಒಯ್ದರೆ ಕಾನಿಗೆ ಏನೂ ನಷ್ಟವಿಲ್ಲ. ಬೀಜದುಂಡೆಯಲ್ಲಿ ಸಿಗದ ಜಾತಿಗಳು ಅಲ್ಲಿ ಸಿಗುತ್ತವೆ.

ಬಾವಲಿಯ ಮಾತೆತ್ತಿದರೆ ನಿಫಾ ಎನ್ನುತ್ತಾರೆ. ಭಯ ಸುಳ್ಳಲ್ಲ. 2018ರಲ್ಲಿ ಕೋಝಿಕ್ಕೋಡಿನಲ್ಲಿ ಸಾವುಗಳಾದವು, ಅಲ್ಲಿನ ಬಾವಲಿಗಳಲ್ಲಿ ವೈರಸ್ ಪತ್ತೆಯೂ ಆಯಿತು. ಬಾವಲಿ ಕಚ್ಚಿದ ಹಣ್ಣು ತಿನ್ನಬಾರದು. ಚೀಪಿದ ಅಡಿಕೆ ಹೆಕ್ಕುವ ನಾವೂ ಕೈಗವಸು ತೊಟ್ಟು ಹೆಕ್ಕಿ ಕೈ ತೊಳೆಯಬೇಕು. ಆದರೆ ಮರ ಕಡಿದು ಓಡಿಸಿದರೆ ಬಾವಲಿ ಮಾಯವಾಗುವುದಿಲ್ಲ, ಪಕ್ಕದ ಊರಿಗೆ ಹೋಗುತ್ತದೆ. ಹಣ್ಣುತಿನ್ನುವ ಬಾವಲಿಗಳನ್ನು ಇಲಿ, ಕಾಗೆಗಳ ಜೊತೆ ಉಪದ್ರವಿಗಳೆಂದು ಸೇರಿಸಿದ್ದ ಪರಿಚ್ಛೇದವನ್ನು ವನ್ಯಜೀವಿ ಕಾಯ್ದೆಯ 2022ರ ತಿದ್ದುಪಡಿ ತೆಗೆದುಹಾಕಿದೆ. ಇದು ಹಳ್ಳಿಗಳಿಗೆ ಇನ್ನೂ ತಲುಪಿದಂತಿಲ್ಲ.

ಸರ್ಕಾರಕ್ಕೆ ಮಂಗಟ್ಟೆ ಹೊಸದಲ್ಲ. 2011ರಲ್ಲಿ ದಾಂಡೇಲಿಯಲ್ಲಿ ಹಾರ್ನ್‌ಬಿಲ್ ಸಂರಕ್ಷಣಾ ಮೀಸಲು ಪ್ರದೇಶವನ್ನೇ ಘೋಷಿಸಿದೆ. ಆದರೆ ಹಕ್ಕಿಗೆ ಆ ಗಡಿ ಗೊತ್ತಿಲ್ಲ, ಅದು ನಮ್ಮ ಬೆಟ್ಟ, ಕಾನು, ರಸ್ತೆಬದಿಯ ಗೋಳಿಯನ್ನೂ ನಂಬಿದೆ.

ನನ್ನ ಕೋರಿಕೆ ಇಷ್ಟು. ಮರ ಕಡಿತಲೆಯ ಪಟ್ಟಿಗೆ ಪೊಟರೆ ಮತ್ತು ಬಾವಲಿ ನೆಲೆಯ ಕಲಮು ಸೇರಿಸಿ, ಹೌದು ಎಂದು ಬರೆದ ಮರವನ್ನು ಕಡಿಯುವ ಮೊದಲು ರಸ್ತೆ ಸಾಗುವ ದಾರಿ ಬದಲಿಸಲಾಗದೇ ಎಂದು ಲಿಖಿತವಾಗಿ ಕೇಳುವ ಸುತ್ತೋಲೆ ಹೊರಡಿಸಿ. ಬೀಜದುಂಡೆಗೆ ಇಟ್ಟ ಹಣದಲ್ಲಿ ಒಂದು ಪಾಲನ್ನು ಬೋಳುಗುಡ್ಡಗಳಲ್ಲಿ ಗೋಳಿ, ಬಸರಿಯ ಗೂಟ ನೆಡಲು ಕೊಡಿ. ಆಳೆತ್ತರಕ್ಕಿಂತ ದೊಡ್ಡ ಗೂಟವಾದರೆ ದನಕ್ಕೆ ಚಿಗುರು ಎಟಕುವುದಿಲ್ಲ. ಅಲ್ಲಲ್ಲಿ ಒಂದೊಂದಿದ್ದರೆ ಸಾಕು, ಸಾಲು ಬೇಡ. ಅದೇ ಹಣದಲ್ಲಿ ಬೇಸಿಗೆಯ ಬೆಂಕಿ ತಡೆಯಲು ಕಾವಲುಗಾರರಿಗೂ ಕೂಲಿ ಸಿಗಲಿ. ಕೊನೆಯದಾಗಿ, ರಾಮಪತ್ರೆ ಸಂಗ್ರಹ: ಪೈಪೋಟಿಯಲ್ಲಿ ಕಾಯಿ ಬಿರಿಯುವ ಮೊದಲೇ ಕೊಂಬೆ ಸಮೇತ ಕಡಿದು ಇಳಿಸುವುದು ನಡೆಯುತ್ತಿದೆ. ಬಿರಿದ ಕಾಯಿಯನ್ನಷ್ಟೇ ಕೊಯ್ಯಬೇಕು, ಮರದಲ್ಲಿ ಒಂದು ಭಾಗ ಬಿಡಬೇಕು ಎಂಬ ಷರತ್ತನ್ನು ಕಿರು ಅರಣ್ಯ ಉತ್ಪನ್ನದ ಗುತ್ತಿಗೆಯಲ್ಲಿ ಬರೆಸಿ, ಗ್ರಾಮ ಅರಣ್ಯ ಸಮಿತಿಗೆ ತಪಾಸಣೆಯ ಅಧಿಕಾರ ಕೊಡಿ. ಮುಂದಿನ ಗುತ್ತಿಗೆಯ ಹರಾಜಿಗೆ ಮೊದಲು ಇದು ಆಗಬೇಕು.

ಇಂತಿ ತಮ್ಮ ವಿಶ್ವಾಸಿ,
ಸಿದ್ದಾಪುರ ತಾಲೂಕಿನ ಒಬ್ಬ ಅಡಿಕೆ ಬೆಳೆಗಾರ