ಮಗಳಿಗೊಂದು ಪತ್ರ: 'ಸ್ಟೇಬಲ್' ಎಂದು ಬರೆಯುವ ಮುನ್ನ

ಪ್ರೀತಿಯ ಪುಟ್ಟಿ,

ನರ್ಸಿಂಗ್ ಕ್ಲಾಸಿನಲ್ಲಿ ಅಭ್ಯಾಸಕ್ಕೆ ಕೊಟ್ಟ ಕೇಸಿಗೆ, ಡ್ಯೂಟಿ ಬದಲಾಗುವಾಗ ಮುಂದಿನವರಿಗೆ ಕೊಡಲೆಂದು ನೀನು ಬರೆದ ಹ್ಯಾಂಡೋವರ್ ನೋಟ್ ಓದಿದೆ. ಎಸ್‌ಬಿಎಆರ್‌ನ ನಾಲ್ಕು ಭಾಗಗಳೂ ಇವೆ: ಸಿಚುಯೇಶನ್, ಬ್ಯಾಕ್‌ಗ್ರೌಂಡ್, ಅಸೆಸ್‌ಮೆಂಟ್, ರೆಕಮೆಂಡೇಶನ್. ಬರೆದ ಅಂಕಿಗಳಲ್ಲಿ ತಪ್ಪು ಒಂದೂ ಇಲ್ಲ. ಆದರೂ ಈ ನೋಟ್ ನೋಡಿಕೊಂಡು ನಾನು ನೈಟ್ ಡ್ಯೂಟಿ ಶುರು ಮಾಡಿದ್ದರೆ, ಆ ರೋಗಿಯ ಹತ್ತಿರ ಎಲ್ಲರಿಗಿಂತ ಕೊನೆಗೆ ಹೋಗುತ್ತಿದ್ದೆ. ಅದು ನನಗೆ ಸರಿ ಕಾಣಲಿಲ್ಲ, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನೀನು ಬರೆದದ್ದು ಹೀಗಿದೆ: "64 ವರ್ಷ, ಕರುಳಿನ ಆಪರೇಶನ್ ಆಗಿ 4ನೇ ದಿನ. ಸ್ಟೇಬಲ್. ಬಿಪಿ 118/70, ಪಲ್ಸ್ 96, ಉಸಿರು 24, ಜ್ವರ ಇಲ್ಲ, 37.6. ಆಕ್ಸಿಜನ್ 95. ಹೊಟ್ಟೆ ನೋವು ಇದೆ, ಪ್ಯಾರಸಿಟಮಾಲ್ ಕೊಟ್ಟಿದೆ. ಯೂರಿನ್ ಹೋಗುತ್ತಿದೆ. ಬ್ಲಡ್ ಕಳಿಸಿದೆ. ವೈಟಲ್ಸ್ ನೋಡುತ್ತಿರಿ."

ಈ ಅಂಕಿಗಳನ್ನೆಲ್ಲ ಅದೇ ದಿನ ಬೆಳಗ್ಗೆಯ ಅಂಕಿಗಳ ಪಕ್ಕದಲ್ಲಿಟ್ಟು ನೋಡು. ಬೆಳಗ್ಗೆ ಉಸಿರು 16, ಮಧ್ಯಾಹ್ನ 20, ಈಗ 24. ಪಲ್ಸ್ 72, ಆಮೇಲೆ 84, ಈಗ 96. ಬಿಪಿ ಮಾತ್ರ ಹೆಚ್ಚುಕಮ್ಮಿ ಇದ್ದಲ್ಲೇ ಇದೆ. ಬಿಪಿ ಸಾಮಾನ್ಯವಾಗಿ ಕೊನೆಗೆ ಬೀಳುವಂಥದ್ದು. ದೇಹಕ್ಕೆ ಸಂಭಾಳಿಸಲು ಆಗುವವರೆಗೆ ಹಿಡಿದುಕೊಂಡಿರುತ್ತದೆ. ಮೊದಲು ಏರುವುದು ಹೆಚ್ಚಾಗಿ ಉಸಿರಾಟ. ಅದನ್ನೇ ನಾವು ಅಂದಾಜಿನಲ್ಲಿ ಬರೆದುಬಿಡುತ್ತೇವೆ. ಪೂರ್ತಿ ಒಂದು ನಿಮಿಷ ಎಣಿಸಿ ಬರೆ. ಸಿಚುಯೇಶನ್‌ನಲ್ಲಿ ಒಂದೇ ಹೊತ್ತಿನ ಅಂಕಿ ಕೊಟ್ಟರೆ ಈ ಏರಿಕೆ ಯಾರಿಗೂ ಕಾಣುವುದಿಲ್ಲ. 'ಸ್ಟೇಬಲ್' ಎಂಬ ಪದ ಸೇರಿಕೊಂಡರಂತೂ ಓದುವವರು ಅಂಕಿಗಳ ಕಡೆ ನೋಡುವುದೂ ಇಲ್ಲ.

ಇನ್ನು ಬ್ಯಾಕ್‌ಗ್ರೌಂಡ್. ರೋಗಿಯ ಇಡೀ ಚರಿತ್ರೆಯನ್ನು ಅಲ್ಲಿ ತುಂಬಬೇಕಿಲ್ಲ, ಅದು ಫೈಲಿನಲ್ಲಿರುತ್ತದೆ. ಈ ಹೊತ್ತಿನ ಅಂಕಿಗಳ ಅರ್ಥವನ್ನೇ ಬದಲಿಸುವ ಸಂಗತಿ ಯಾವುದಿದೆಯೋ ಅದಷ್ಟೇ ಬೇಕು. ಈ ಕೇಸಿನಲ್ಲಿ ಅಂಥವು ಎರಡಿವೆ, ಎರಡೂ ನಿನ್ನ ನೋಟ್‌ನಲ್ಲಿ ಕೈಬಿಟ್ಟಿವೆ. ಇವರು ದಿನಾ ಮೆಟೊಪ್ರೊಲಾಲ್ ತೆಗೆದುಕೊಳ್ಳುತ್ತಾರೆ. ಆ ಮಾತ್ರೆ ಪಲ್ಸನ್ನು ತಡೆದು ಹಿಡಿಯುತ್ತದೆ, ಹಾಗಾಗಿ ಇವರ 96 ಮಾತ್ರೆ ಇಲ್ಲದವರ 96ಕ್ಕೆ ಸಮವಲ್ಲ. ಎರಡನೆಯದು, ಆರು ಗಂಟೆಗೊಮ್ಮೆ 1 ಗ್ರಾಂ ಪ್ಯಾರಸಿಟಮಾಲ್ ಹೋಗುತ್ತಿದೆ, ಕೊನೆಯದು ಸಂಜೆ 5ಕ್ಕೆ. ನೀನು ಟೆಂಪರೇಚರ್ ನೋಡಿದ್ದು 7ಕ್ಕೆ. ಅದನ್ನು 'ಜ್ವರ ಇಲ್ಲ' ಎನ್ನುವ ಹಾಗಿಲ್ಲ. 'ಪ್ಯಾರಸಿಟಮಾಲ್ ಕೊಟ್ಟ ಮೇಲೂ 37.6' ಎಂದು ಬರೆಯಬೇಕು.

'ಯೂರಿನ್ ಹೋಗುತ್ತಿದೆ' ಎನ್ನುವುದನ್ನೂ ಲೆಕ್ಕ ಹಾಕೋಣ. ತೂಕ 60 ಕೆ.ಜಿ. ಕೆ.ಜಿ.ಗೆ ಗಂಟೆಗೆ 0.5 ಮಿ.ಲೀ. ಅಂದರೆ ಗಂಟೆಗೆ ಕನಿಷ್ಠ 30, ನಾಲ್ಕು ಗಂಟೆಗೆ 120. ಕೇಸ್ ಶೀಟಿನಲ್ಲಿ ಇರುವುದು 90. ಹೋಗುತ್ತಿದೆ ನಿಜ, ಸಾಲುತ್ತಿಲ್ಲ.

ಅಸೆಸ್‌ಮೆಂಟ್ ಜಾಗದಲ್ಲಿ ನೀನು ಮತ್ತೆ ಅಂಕಿಗಳನ್ನೇ ಬರೆದಿದ್ದೀಯ. ಹೊಸಬರು ಬಹಳ ಮಂದಿ ಹೀಗೆ ಮಾಡುತ್ತಾರೆ. 'ರೋಗ ಏನೆಂದು ಹೇಳಲು ನಾನು ಯಾರು' ಎಂಬ ಅಳುಕು. ರೋಗದ ಹೆಸರು ಹೇಳಬೇಕಾಗಿಲ್ಲ ಮಗಳೇ. 'ಬೆಳಗ್ಗೆಯಿಂದ ಹದಗೆಡುತ್ತಿದ್ದಾರೆ, ಕರುಳಿನ ಜೋಡಣೆ ಸೋರುತ್ತಿರಬಹುದೇ ಎಂಬ ಚಿಂತೆ ಇದೆ' ಎಂದರೆ ಸಾಕು. ಆಪರೇಶನ್ ಆದ ಮೊದಲ ವಾರದಲ್ಲಿ ನೋವು ಕಡಿಮೆಯಾಗುವ ಬದಲು ಹೆಚ್ಚುತ್ತಿದ್ದರೆ, ಹೊಟ್ಟೆ ಉಬ್ಬುತ್ತಿದ್ದರೆ, ಆ ಯೋಚನೆ ಬರಲೇಬೇಕು. ರೋಗಿ ಎಷ್ಟು ಹದಗೆಟ್ಟಿದ್ದಾರೆಂದು ತಿಳಿಯಲು ವೈಟಲ್ಸ್‌ಗೆ ಅಂಕ ಹಾಕುವ 'ನ್ಯೂಸ್2' ಸ್ಕೋರ್ ನೋಡಿ ಸಮಾಧಾನ ಪಟ್ಟುಕೊಂಡೆಯೋ ಏನೋ. ನಾನೂ ಹಾಕಿ ನೋಡಿದೆ: ಉಸಿರಿಗೆ 2, ಆಕ್ಸಿಜನ್‌ಗೆ 1, ಪಲ್ಸ್‌ಗೆ 1, ಒಟ್ಟು 4. ತುರ್ತಾಗಿ ಡಾಕ್ಟರನ್ನು ಕರೆಸುವ ಗಡಿ 5. ಒಂದು ಅಂಕ ಕಡಿಮೆ. ಆದರೆ ಪಲ್ಸನ್ನು ಒಂದು ಮಾತ್ರೆ, ಜ್ವರವನ್ನು ಇನ್ನೊಂದು ಮಾತ್ರೆ ಅದುಮಿಟ್ಟಿರುವಾಗ ಬಂದ 4 ಇದು. ಯೂರಿನ್ ಆ ಸ್ಕೋರಿನ ಲೆಕ್ಕಕ್ಕೇ ಬರುವುದಿಲ್ಲ. ಸ್ಕೋರ್ ಹೇಳದೆ ಬಿಟ್ಟದ್ದನ್ನು ಹೇಳುವುದಕ್ಕೇ ಅಸೆಸ್‌ಮೆಂಟ್ ಇರುವುದು.

ಇಂಥ ರೋಗಿಯ ವಿಷಯವನ್ನು ಡ್ಯೂಟಿ ಬದಲಾಗುವವರೆಗೆ ಇಟ್ಟುಕೊಳ್ಳಲೂಬಾರದು. ಮೊದಲು ಡಾಕ್ಟರಿಗೆ ಫೋನ್. ಯಾರಿಗೆ, ಎಷ್ಟು ಹೊತ್ತಿಗೆ ಹೇಳಿದೆ, ಅವರು ಏನೆಂದರು ಎನ್ನುವುದು ಆಮೇಲೆ ನೋಟ್‌ಗೆ ಬರಬೇಕು. ಎಸ್‌ಬಿಎಆರ್ ಅಮೆರಿಕದ ನೌಕಾಪಡೆಯಿಂದ ಆಸ್ಪತ್ರೆಗಳಿಗೆ ಬಂದದ್ದು, ಥಟ್ಟನೆ ವಿಷಯ ಮುಟ್ಟಿಸುವುದಕ್ಕೆ ಹೇಳಿ ಮಾಡಿಸಿದ್ದು. ಶಿಫ್ಟ್ ಹ್ಯಾಂಡೋವರ್‌ಗೆ ಬಳಸುವಾಗ ಅರ್ಧಕ್ಕೆ ನಿಂತ ಕೆಲಸಗಳನ್ನು ನಾವೇ ನೆನಪಿಟ್ಟು ಸೇರಿಸಬೇಕು. ಈ ಕೇಸಿಗೆ ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ:

ಸಿಚುಯೇಶನ್: ಈ ಶಿಫ್ಟಿನಲ್ಲಿ ಮೊದಲು ನೋಡಬೇಕಾದ ರೋಗಿ. ಬೆಳಗ್ಗೆಯಿಂದ ಉಸಿರು 16ರಿಂದ 24ಕ್ಕೆ, ಪಲ್ಸ್ 72ರಿಂದ 96ಕ್ಕೆ ಏರಿದೆ. ಬಿಪಿ 118/70, ಆಕ್ಸಿಜನ್ 95. ಹೊಟ್ಟೆ ನೋವು ಹೆಚ್ಚಿದೆ, ಹೊಟ್ಟೆ ಉಬ್ಬಿದೆ. 4 ಗಂಟೆಯಲ್ಲಿ ಯೂರಿನ್ 90 ಮಿ.ಲೀ.

ಬ್ಯಾಕ್‌ಗ್ರೌಂಡ್: 64 ವರ್ಷ, 60 ಕೆ.ಜಿ. ದೊಡ್ಡ ಕರುಳಿನ ಭಾಗ ತೆಗೆದು ಜೋಡಿಸಿ 4ನೇ ದಿನ. ಮೆಟೊಪ್ರೊಲಾಲ್ ಮೇಲಿದ್ದಾರೆ. ಪ್ಯಾರಸಿಟಮಾಲ್ ಕೊನೆಯದು 5ಕ್ಕೆ, 7ಕ್ಕೆ ಟೆಂಪರೇಚರ್ 37.6. ಪೆನಿಸಿಲಿನ್ ಅಲರ್ಜಿ, ಹಿಂದೆ ಮುಖ ಊದಿಕೊಂಡಿತ್ತು.

ಅಸೆಸ್‌ಮೆಂಟ್: ಹದಗೆಡುತ್ತಿದ್ದಾರೆ. ಜೋಡಣೆ ಸೋರಿಕೆ ಅಥವಾ ಸೋಂಕಿನ ಚಿಂತೆ. ಸ್ಕೋರ್ 4, ಆದರೆ ಔಷಧಿಯಿಂದ ಕಡಿಮೆ ಕಾಣುತ್ತಿದೆ.

ರೆಕಮೆಂಡೇಶನ್: 7:40ಕ್ಕೆ ಡ್ಯೂಟಿ ಡಾಕ್ಟರಿಗೆ ತಿಳಿಸಿದೆ, 8:30ರೊಳಗೆ ಬರುತ್ತಾರೆ, ಬರದಿದ್ದರೆ ಸರ್ಜನ್‌ಗೆ ನೇರ ಫೋನ್. ಬರುವವರೆಗೆ ಬಾಯಿಯಿಂದ ಏನೂ ಕೊಡಬಾರದು ಎಂದಿದ್ದಾರೆ. ವೈಟಲ್ಸ್, ಯೂರಿನ್ ಗಂಟೆಗೊಮ್ಮೆ. ಉಸಿರು 25 ದಾಟಿದರೆ, ಮೇಲಿನ ಬಿಪಿ 100ಕ್ಕಿಂತ ಇಳಿದರೆ, ಮಾತು ತೊದಲಿದರೆ ಅಥವಾ ಗೊಂದಲ ಕಂಡರೆ ತಕ್ಷಣ ಎಮರ್ಜೆನ್ಸಿ ಟೀಮ್. 6ಕ್ಕೆ ಕಳಿಸಿದ ಸಿಬಿಸಿ, ಸಿಆರ್‌ಪಿ ರಿಪೋರ್ಟ್ ಬಂದಿಲ್ಲ. 9ಕ್ಕೆ ಲ್ಯಾಬಿಗೆ ಫೋನ್ ಮಾಡಬೇಕು.

ಅಲರ್ಜಿಯನ್ನು ಬೇಕೆಂದೇ ಸೇರಿಸಿದೆ. ಸೋಂಕಿನ ಅನುಮಾನ ಬಂದ ಕೂಡಲೇ ಆಂಟಿಬಯಾಟಿಕ್ ಶುರುವಾಗುತ್ತದೆ. ಇಂಥ ಕಡೆ ಹೆಚ್ಚಾಗಿ ಬರೆಯುವ ಪಿಪೆರಾಸಿಲಿನ್ ಪೆನಿಸಿಲಿನ್ ಜಾತಿಯದೇ. ಕೈಪಟ್ಟಿ, ಫೈಲು ಎರಡರಲ್ಲೂ ಅದು ಇರಬಹುದು, ಆದರೂ ಇಂದು ರಾತ್ರಿ ಇದನ್ನು ಬಾಯಿಬಿಟ್ಟು ಹೇಳಲೇಬೇಕು. ನಾಳೆ ಹೊತ್ತಿಗೆ ರೋಗಿ ಚೇತರಿಸಿಕೊಂಡಿದ್ದರೆ ಬೇರೆ ಸಂಗತಿ ಮುಂದೆ ಬಂದೀತು. ಹಾಗಾಗಿ ನಿನ್ನೆಯ ನೋಟ್ ಕಾಪಿ ಮಾಡಿ ತಾರೀಖು ಬದಲಿಸುವ ಅಭ್ಯಾಸ ಬೇಡ.

'ವೈಟಲ್ಸ್ ನೋಡುತ್ತಿರಿ' ಎಂಬ ಸಾಲನ್ನು ಇನ್ನು ಮುಂದೆ ಬರೆಯಬೇಡ. ಎಷ್ಟು ಹೊತ್ತಿಗೊಮ್ಮೆ, ಎಷ್ಟಾದರೆ ಯಾರನ್ನು ಕರೆಯಬೇಕು ಎಂದಿಲ್ಲದಿದ್ದರೆ ರಾತ್ರಿ 2 ಗಂಟೆಗೆ ನೈಟ್ ಡ್ಯೂಟಿಯ ಸಿಸ್ಟರ್ ಒಬ್ಬಳೇ ನಿಂತು ತೀರ್ಮಾನ ಮಾಡಬೇಕಾಗುತ್ತದೆ. ಗಡಿಯ ಅಂಕಿಗಳನ್ನು ಡಾಕ್ಟರ ಜೊತೆ ಮಾತಾಡಿ, ಅವರಿಂದಲೇ ಕೇಳಿ ಬರೆದುಕೋ.

ನೋಟ್ ಕೊಟ್ಟ ಮೇಲೆ ಬೆಡ್ ಹತ್ತಿರ ಇಬ್ಬರೂ ಹೋಗಿ. ಯೂರಿನ್ ಬ್ಯಾಗ್, ಡ್ರೈನ್, ಹೊಟ್ಟೆ ಮೂರನ್ನೂ ಒಟ್ಟಿಗೆ ನೋಡಿ. ಆಮೇಲೆ ಆ ಸಿಸ್ಟರ್‌ಗೆ ಕೇಳು: 'ಯಾವಾಗ ಯಾರನ್ನು ಕರೀತೀರಿ, ಒಂದ್ಸಲ ಹೇಳಿ.' ಅವರು ಹೇಳುವಾಗ 8:30 ಬಿಟ್ಟುಹೋದರೆ ಅಲ್ಲೇ ಸರಿಪಡಿಸು.

ನೀನು ಕಳಿಸಿದ ಎರಡನೇ ಕೇಸಿನಲ್ಲಿ ಇನ್ಸುಲಿನ್ ಕೊನೆಗೆ ಎಷ್ಟು ಹೊತ್ತಿಗೆ ಕೊಟ್ಟರು, ಆಮೇಲೆ ಊಟ ಮಾಡಿದರೋ ಇಲ್ಲವೋ ಎಂಬುದು ಎಲ್ಲೂ ಇಲ್ಲ. ಕೇಸ್ ಶೀಟಿನಲ್ಲಿ ಹುಡುಕಿ, ತಿದ್ದಿ ಕಳಿಸು.

ಪ್ರೀತಿಯಿಂದ,
ಅಮ್ಮ