ಪುಟ್ಟಿಗೆ ದೊಡ್ಡಮ್ಮ ಬರೆದ ಪತ್ರ: ಅರ್ಧ ಪುಟದ ಲೆಕ್ಕ

ಅಕ್ಟೋಬರ್ 9

ಪ್ರೀತಿಯ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ಮನೆಯ ಸುದ್ದಿಯನ್ನೆಲ್ಲ ನಿನ್ನಮ್ಮ ಫೋನಿನಲ್ಲಿ ಹೇಳಿರುತ್ತಾಳೆ. ನಿನ್ನ ಪತ್ರದ ಕೊನೆಯ ಪುಟದಲ್ಲಿರುವ ಮೂರು ಸಾಲಿಗಾಗಿ ಇದನ್ನು ಬರೆಯುತ್ತಿದ್ದೇನೆ. “ಪಿಎಚ್.ಡಿ. ಪ್ರಬಂಧದ ಎರಡನೆಯ ಅಧ್ಯಾಯವನ್ನು ನವೆಂಬರ್ 30ಕ್ಕೆ ಕೊಡಬೇಕು. 20ರವರೆಗೆ ಓದಿ, ಉಳಿದ ಹತ್ತು ದಿನದಲ್ಲಿ ಬರೆಯುತ್ತೇನೆ. ಸಮಯ ಸಾಲದಿದ್ದರೆ ಇಂಗ್ಲಿಷ್ ಪುಸ್ತಕಗಳಿಂದ ಕೆಲವು ಪುಟ ಕನ್ನಡಕ್ಕೆ ತಂದು ಸೇರಿಸಿದರಾಯಿತು, ಕೃತಿಚೌರ್ಯ ಹುಡುಕುವ ತಂತ್ರಾಂಶಕ್ಕೆ ಅದು ಸಿಗುವುದಿಲ್ಲ ಎಂದು ಗೆಳತಿ ಹೇಳಿದಳು” ಎಂದು ಬರೆದಿದ್ದೀಯ. ನೀನು ಹಗುರವಾಗಿ ಬರೆದಿರಬಹುದು. ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಬೆಳಿಗ್ಗೆ ಎದ್ದು ಲೆಕ್ಕ ಹಾಕಿದೆ. ಕಾಲೇಜಿನಿಂದ ಬಂದ ಮೇಲೆ ನಿನ್ನ ಕೈಗೆ ಸಿಗುವುದು ಎರಡು ಗಂಟೆ. ಪುಸ್ತಕ ಮುಚ್ಚಿಟ್ಟು ಸ್ವಂತವಾಗಿ ಬರೆದರೆ ಅಷ್ಟರಲ್ಲಿ ಒಂದು ಪುಟ ಬಂದರೆ ಹೆಚ್ಚು. ಹತ್ತು ದಿನಕ್ಕೆ ಹತ್ತು ಪುಟ, ರಜಾದಿನಗಳಲ್ಲಿ ಇಡೀ ದಿನ ಕುಳಿತರೆ ಹನ್ನೆರಡು. ಅಧ್ಯಾಯಕ್ಕೆ ಬೇಕಾದದ್ದು ಇಪ್ಪತ್ತೈದು. ಉಳಿದ ಹದಿಮೂರು ಪುಟ ಎಲ್ಲಿಂದ ಬರಬೇಕು, ಪುಟ್ಟಿ? ನಿನಗೆ ಕದಿಯುವ ಬುದ್ಧಿಯಿಲ್ಲ ಎಂದು ನನಗೆ ಗೊತ್ತು. ಆದರೆ ನೀನು ಹಾಕಿಕೊಂಡ ದಿನಗಳ ಲೆಕ್ಕದಲ್ಲೇ ಆ ಹದಿಮೂರು ಪುಟಗಳ ಕಳವು ಕೂತುಬಿಟ್ಟಿದೆ.

ಇದನ್ನು ನಾನು ಬೇರೆಯವರನ್ನು ನೋಡಿ ಹೇಳುತ್ತಿಲ್ಲ. ನನ್ನ ಪ್ರಬಂಧದ ಕಾಲದಲ್ಲಿ ಗ್ರಂಥಾಲಯದ ಪುಸ್ತಕಗಳನ್ನು ಹೊರಗೆ ಕೊಡುತ್ತಿರಲಿಲ್ಲ. ಅಲ್ಲೇ ಕುಳಿತು ನೋಟ್‌ಬುಕ್‌ಗೆ ಬರೆದುಕೊಳ್ಳುತ್ತಿದ್ದೆ. ಕೆಲವು ಸಾಲು ನನ್ನ ಮಾತಿನಲ್ಲಿ, ಕೆಲವು ಇಂಗ್ಲಿಷಿನಿಂದ ನೇರವಾಗಿ ಕನ್ನಡಕ್ಕೆ ತಂದವು. ಉದ್ಧರಣ ಚಿಹ್ನೆ ಹಾಕಲಿಲ್ಲ, ಪುಟಸಂಖ್ಯೆ ಬರೆಯಲಿಲ್ಲ, ನೆನಪಿರುತ್ತದೆ ಎಂದುಕೊಂಡೆ. ಹತ್ತು ತಿಂಗಳ ಮೇಲೆ ಆ ನೋಟ್‌ಬುಕ್ ತೆರೆದಾಗ ಯಾವ ಸಾಲು ನನ್ನದು, ಯಾವುದು ಪುಸ್ತಕದ್ದು ಎಂದು ಬೇರ್ಪಡಿಸಲು ಆಗಲಿಲ್ಲ. ಬೆರಳಚ್ಚಿನವನು ನಾಲ್ಕು ದಿನದಲ್ಲಿ ಪ್ರತಿ ಕೊಡಿ ಎಂದಿದ್ದ. ಅನುಮಾನವಿದ್ದರೂ ಎರಡು ಪುಟಗಳನ್ನು ಹಾಗೆಯೇ ಇಳಿಸಿದೆ.

ನನ್ನ ಮಾರ್ಗದರ್ಶಕರು ಆ ಎರಡು ಪುಟಗಳ ಅಂಚಿನಲ್ಲಿ ಪೆನ್ಸಿಲಿನಿಂದ ಒಂದು ಗೆರೆ ಎಳೆದು, “ಇದು ನಿನ್ನ ಕನ್ನಡವೇನಮ್ಮ?” ಎಂದು ಕೇಳಿದರು. “ಹೌದು ಸರ್” ಎಂದೆ. ಅವರು ಮತ್ತೆ ಕೇಳಲಿಲ್ಲ. ಪದವಿ ಬಂತು, ಕೆಲಸವೂ ಬಂತು. ಆ ಎರಡು ಪುಟಗಳು ಇವತ್ತಿಗೂ ಗ್ರಂಥಾಲಯದಲ್ಲಿ, ರಟ್ಟು ಕಟ್ಟಿದ ಪ್ರತಿಯೊಳಗೆ ನನ್ನ ಹೆಸರಿನಲ್ಲಿ ಇವೆ. ಮೌಲ್ಯಮಾಪನಕ್ಕೆಂದು ಅಲ್ಲಿಗೆ ಹೋದಾಗಲೆಲ್ಲ ಆ ಕಪಾಟಿನ ಸಾಲನ್ನು ಬಳಸಿಕೊಂಡು ನಡೆದಿದ್ದೇನೆ. ನಿನ್ನಮ್ಮನಿಗೂ ಇದನ್ನು ಹೇಳಿಲ್ಲ.

ತಂತ್ರಾಂಶದ ಮಾತಿಗೆ ಬರುತ್ತೇನೆ. ಯುಜಿಸಿಯ 2018ರ ನಿಯಮದಲ್ಲಿ ಶೇಕಡಾ 10ರವರೆಗಿನ ಹೋಲಿಕೆಗೆ ದಂಡವಿಲ್ಲ. 40ರವರೆಗೆ ಇದ್ದರೆ ಆರು ತಿಂಗಳೊಳಗೆ ತಿದ್ದಿ ಕೊಡಬೇಕು, 60ರವರೆಗೆ ಇದ್ದರೆ ಒಂದು ವರ್ಷ ಸಲ್ಲಿಸುವಂತಿಲ್ಲ, ಅದನ್ನೂ ಮೀರಿದರೆ ನೋಂದಣಿಯೇ ರದ್ದು. ಯಂತ್ರವು ಪದಕ್ಕೆ ಪದ ಹೊಂದಿಸಿ ನೋಡುವುದರಿಂದ ಇಂಗ್ಲಿಷಿನಿಂದ ತಂದ ಕನ್ನಡ ಅದರ ಕಣ್ಣಿಗೆ ಬೀಳದೆ ಹೋಗಬಹುದು, ನಿನ್ನ ಗೆಳತಿ ಹೇಳಿದ್ದು ಅಷ್ಟರಮಟ್ಟಿಗೆ ನಿಜ. ಆದರೆ ಅದೇ ನಿಯಮ, ಇನ್ನೊಬ್ಬರ ಕೃತಿಯನ್ನಾಗಲಿ ವಿಚಾರವನ್ನಾಗಲಿ ತನ್ನದೆಂದು ತೋರಿಸುವುದನ್ನೇ ಕೃತಿಚೌರ್ಯ ಎಂದು ಕರೆದಿದೆ. ಅಲ್ಲಿ ಭಾಷೆಯ ಮಾತೇ ಇಲ್ಲ. ಕೋಲಾರದ ಕೆರೆಗಳ ಮೇಲಿನ ಪ್ರಬಂಧವನ್ನು ಓದುವ ಪರೀಕ್ಷಕರು ರೈಸ್ ಅವರ 1897ರ ಮೈಸೂರು ಗೆಜೆಟಿಯರನ್ನು ಓದದೆ ಇರುತ್ತಾರೆಯೇ? ಸಂಗತಿಗಳು ಒಂದರ ಹಿಂದೆ ಒಂದು ಬರುವ ಕ್ರಮ ನೋಡಿದರೆ ಸಾಕು, ಅವರಿಗೆ ಮೂಲ ಗೊತ್ತಾಗುತ್ತದೆ.

ಸಮಯ ಸಾಲದಿದ್ದಾಗ ಏನಾಗುತ್ತದೆ ಎಂದು ನಿನ್ನ ವಿಷಯದಲ್ಲೇ ತೋರಿಸುತ್ತೇನೆ. ಒಂದು ಪುಸ್ತಕದಲ್ಲಿ ಹೀಗಿದೆ ಎಂದುಕೊ: “ಕೊಳವೆಬಾವಿಗಳು ಹೆಚ್ಚಿದಂತೆ ರೈತರಿಗೆ ಕೆರೆಯ ಹೂಳೆತ್ತುವ ಆಸಕ್ತಿ ಕುಗ್ಗಿತು, ಹೂಳು ತುಂಬಿದ ಕೆರೆಯಲ್ಲಿ ನೀರು ನಿಲ್ಲದಾಯಿತು, ಆಗ ಇನ್ನಷ್ಟು ಕೊಳವೆಬಾವಿ ಬೇಕಾದವು.” ರಾತ್ರಿ ಎರಡು ಗಂಟೆಗೆ ಪುಸ್ತಕ ಪಕ್ಕದಲ್ಲಿಟ್ಟುಕೊಂಡು ಬರೆಯುವವಳು ‘ರೈತರು’ ಇದ್ದಲ್ಲಿ ‘ಕೃಷಿಕರು’, ‘ಕುಗ್ಗಿತು’ ಇದ್ದಲ್ಲಿ ‘ಕಡಿಮೆಯಾಯಿತು’ ಎಂದು ಹಾಕುತ್ತಾಳೆ. ಮೂರು ಮಾತುಗಳ ಜೋಡಣೆ ಹಾಗೆಯೇ ಉಳಿಯುತ್ತದೆ. ಪುಸ್ತಕ ಮುಚ್ಚಿ, ಕೈಯಲ್ಲಿ ಸಮಯವಿಟ್ಟುಕೊಂಡು ಬರೆದಿದ್ದರೆ ಅವಳು ಹೀಗೆ ಬರೆಯಬಹುದಿತ್ತು: “ಕೊಳವೆಬಾವಿಗೂ ಹೂಳಿಗೂ ನಡುವೆ ಒಂದು ಸುಳಿಯನ್ನು ಈ ಲೇಖಕರು ಗುರುತಿಸುತ್ತಾರೆ. ನಾನು ಕಂಡ ಹಳ್ಳಿಯಲ್ಲಿ ಕೆರೆಯ ನೀರನ್ನು ಹೊಲಗಳಿಗೆ ಹಂಚುವ ನೀರುಗಂಟಿಯ ಕೆಲಸ ಮೊದಲು ನಿಂತಿತು, ಕೊಳವೆಬಾವಿ ಬಂದದ್ದು ಆಮೇಲೆ.” ಲೇಖಕರ ಹೆಸರು, ವರ್ಷ, ಪುಟಸಂಖ್ಯೆ ಅಲ್ಲೇ ಕೂರುತ್ತವೆ. ನೀರುಗಂಟಿಯ ಮಾತನ್ನು ನೀನೇ ಹೋದ ಬೇಸಿಗೆಯಲ್ಲಿ ನನಗೆ ಹೇಳಿದ್ದೆ. ಅದು ಯಾವ ಪುಸ್ತಕದಲ್ಲೂ ಇಲ್ಲದ, ನಿನ್ನ ಮಾತು. ಗಾಬರಿಯಲ್ಲಿ ಮೊದಲು ಮರೆತುಹೋಗುವುದು ಇಂಥದ್ದೇ.

ನಿನಗೆ ವೇಳಾಪಟ್ಟಿ ಹೇಳಿಕೊಡಲು ನಾನು ಯಾರು ಎಂದೂ ಅನ್ನಿಸುತ್ತದೆ. ಆದರೂ ಒಂದು ವಿಷಯ ಕೇಳು. ಮೊದಲು ಓದು, ಆಮೇಲೆ ಬರಹ ಎಂದು ಭಾಗ ಮಾಡಬೇಡ. ನಿನ್ನ ಪಟ್ಟಿಯಲ್ಲಿ ಹದಿನೆಂಟು ಆಕರಗಳಿವೆ. ನಾಳೆಯಿಂದಲೇ ದಿನಕ್ಕೊಂದರಿಂದ ನಿನಗೆ ಬೇಕಾದ ಭಾಗವನ್ನು ಒಂದು ಗಂಟೆ ಓದಿ, ಮುಚ್ಚಿಟ್ಟು, ಅದೇ ಸಂಜೆ ಅರ್ಧ ಪುಟ ಬರೆ. ನವೆಂಬರ್ 5ರವರೆಗೆ ಇಪ್ಪತ್ತೇಳು ದಿನಗಳಿವೆ. ಹಬ್ಬಕ್ಕೆ, ತಲೆನೋವಿಗೆ, ಏನೂ ಬರೆಯಲಾಗದ ಸಂಜೆಗಳಿಗೆ ಒಂಬತ್ತು ದಿನ ಬಿಟ್ಟರೂ ಒಂಬತ್ತು ಪುಟ ಆಗಿರುತ್ತದೆ. 6ರಿಂದ 20ರವರೆಗೆ ದಿನಕ್ಕೊಂದರಂತೆ ಹದಿನೈದು. ಒಟ್ಟು ಇಪ್ಪತ್ತನಾಲ್ಕು, ಒಂದು ಪುಟ ಕಡಿಮೆಯಾದರೆ ಆಗಲಿ. ಆಮೇಲಿನ ಐದು ದಿನ ಪುಸ್ತಕಗಳನ್ನು ಮತ್ತೆ ತೆರೆದು ಸಾಲಿಗೆ ಸಾಲು ಹೋಲಿಸಿ ನೋಡು. ಕೊನೆಯ ಐದು ದಿನಗಳನ್ನು ಖಾಲಿ ಬಿಡು, ತಪಾಸಣೆಯ ವರದಿ ಬರಲೂ ಸಮಯ ಹಿಡಿಯುತ್ತದೆ.

ಎರಡು ದಿನ ತಪ್ಪಿದರೆ ಮೂರನೆಯ ದಿನ ಮೂರು ಪಟ್ಟು ಬರೆಯಲು ಹೋಗಬೇಡ, ಒಂದು ಆಕರವನ್ನೇ ಕೈಬಿಡು. ಹೊರೆ ಏರಿದ ದಿನವೇ ಕೈ ಪಕ್ಕದ ಪುಸ್ತಕಕ್ಕೆ ಹೋಗುವುದು.

ಒಂದು ಸಾಲನ್ನು ಇದ್ದಂತೆಯೇ ಬರೆದುಕೊಳ್ಳಲೇಬೇಕಾದರೆ ಆ ಕ್ಷಣದಲ್ಲೇ ಉದ್ಧರಣ ಚಿಹ್ನೆ ಹಾಕಿ, ಪುಟಸಂಖ್ಯೆ ಸೇರಿಸಿ, ಕೆಂಪು ಬಣ್ಣದಲ್ಲಿಡು. ನೀನೇ ಅನುವಾದಿಸಿದ ಸಾಲಿಗೂ ಕೆಂಪೇ. ನನ್ನ ನೋಟ್‌ಬುಕ್ಕಿನಲ್ಲಿ ಎಲ್ಲವೂ ಒಂದೇ ನೀಲಿ ಶಾಯಿಯಲ್ಲಿತ್ತು.

ನವೆಂಬರ್ 20ಕ್ಕೆ ಹದಿನಾರೇ ಪುಟವಾಗಿದ್ದರೆ ಅವತ್ತೇ ಮಾರ್ಗದರ್ಶಕರ ಬಳಿ ಹೋಗಿ ಹೇಳು. ಹದಿನಾರು ಪುಟವನ್ನೇ ಕೊಡು, ಇಲ್ಲವೇ ಗಡುವು ಮುಂದೂಡಲು ಕೇಳು. ಯುಜಿಸಿಯ 2022ರ ನಿಯಮ ಪಿಎಚ್.ಡಿ.ಗೆ ಆರು ವರ್ಷ ಕೊಟ್ಟಿದೆ, ನಿನಗೆ ಇದು ಎರಡನೆಯದು. ಅವರು ಬೈದಾರು. ಬೈದರೆ ಬೈಯಲಿ, ಪುಟ್ಟಿ. ನನ್ನ ಸರ್ ಬೈದಿದ್ದರೆ ನಾನು ಆ ಎರಡು ಪುಟಗಳನ್ನು ಹರಿದು ಹಾಕುತ್ತಿದ್ದೆನೋ ಏನೋ.

ನಾಳೆಯ ಅರ್ಧ ಪುಟಕ್ಕೆ ಆ ನೀರುಗಂಟಿಯ ಸಂಗತಿಯನ್ನೇ ತೆಗೆದುಕೊ. ಬರೆದದ್ದನ್ನು ತಿದ್ದದೆ ಅಂಚೆಗೆ ಹಾಕು, ನನಗೆ ಓದಬೇಕು.

ನಿನ್ನ
ದೊಡ್ಡಮ್ಮ