ಮುಂದಿನ ತಿಂಗಳಿಂದ ನಿಮಗೆ ಎರಡು ಪ್ರಶ್ನೆ ಕೇಳುತ್ತೇವೆ

ಎಲ್ಲರಿಗೂ ನಮಸ್ಕಾರ.

ದಾವಣಗೆರೆಯ ವಿನೋಬನಗರ, ನಿಟ್ಟುವಳ್ಳಿ, ಆಮೇಲೆ ಹರಿಹರ ಮತ್ತು ಜಗಳೂರು, ಈ ನಾಲ್ಕು ಕಡೆ ಇರುವ ನಮ್ಮ ಕ್ಲಿನಿಕ್‌ಗಳಿಗೆ ಬರುವವರಿಗೆ ಈ ಪತ್ರ. ಮುಂದಿನ ತಿಂಗಳ ಒಂದನೇ ತಾರೀಖಿನಿಂದ ಕೌಂಟರ್ ಮೇಲಿನ ಸಲಹೆ ಪುಸ್ತಕ ಇರುವುದಿಲ್ಲ. ಅದರ ಬದಲು, ನೀವು ತೋರಿಸಿಕೊಂಡು ಹೋದ ಮಾರನೇ ದಿನ ನಿಮ್ಮ ಫೋನ್‌ಗೆ ವಾಟ್ಸಾಪ್‌ನಲ್ಲಿ ಎರಡು ಪ್ರಶ್ನೆ ಬರುತ್ತವೆ. ವಾಟ್ಸಾಪ್ ಇಲ್ಲದವರಿಗೆ ಫೋನ್ ಮಾಡಿ ಕೇಳುತ್ತೇವೆ.

ಮೆಸೇಜ್ ಹೀಗಿರುತ್ತದೆ: "ನಮಸ್ಕಾರ. ನಮ್ಮ ಕ್ಲಿನಿಕ್‌ಗೆ ಹೋಗಿ ಅಂತ ನಿಮ್ಮ ನೆಂಟರಿಗೋ ಸ್ನೇಹಿತರಿಗೋ ಹೇಳ್ತೀರಾ? 0 ಅಂದ್ರೆ ಖಂಡಿತ ಹೇಳಲ್ಲ, 10 ಅಂದ್ರೆ ಖಂಡಿತ ಹೇಳ್ತೀನಿ. 0ಯಿಂದ 10ರ ಒಳಗೆ ಒಂದು ನಂಬರ್ ಬರೆಯಿರಿ. ಆ ನಂಬರ್ ಯಾಕೆ ಕೊಟ್ರಿ ಅಂತಲೂ ಒಂದು ಮಾತು ಬರೆಯಿರಿ." ಇಷ್ಟೇ. ಬರೆಯೋಕೆ ಬೇಜಾರಾದರೆ ವಾಯ್ಸ್ ಮೆಸೇಜ್ ಕಳಿಸಿ, ಕೇಳಿಸಿಕೊಂಡು ನಾವೇ ಬರೆದುಕೊಳ್ಳುತ್ತೇವೆ.

ಪುಸ್ತಕವನ್ನು ಯಾಕೆ ತೆಗೆದೆವು ಅಂದರೆ, ಅದರಲ್ಲಿ ಪುಟಗಟ್ಟಲೆ ಒಂದೇ ಮಾತು ಇತ್ತು: "ಚೆನ್ನಾಗಿದೆ." ಟೋಕನ್ ಕೊಟ್ಟ ಹುಡುಗಿ ಎದುರಿಗೇ ಕೂತಿರುವಾಗ, ನಾಳೆ ಮತ್ತೆ ಅವಳ ಹತ್ತಿರವೇ ಟೋಕನ್ ತಗೋಬೇಕಾದವರು ಬೇರೆ ಏನು ಬರೆಯುತ್ತಾರೆ? ಮನೆಗೆ ಹೋಗಿ, ಒಂದು ರಾತ್ರಿ ಕಳೆದ ಮೇಲೆ ಬರುವ ಮಾತೇ ಬೇರೆ. ಅದಕ್ಕೇ ಮಾರನೇ ದಿನ ಕೇಳುವುದು. ಫೋನ್ ಮಾಡುವವರು ನಿಮ್ಮ ಬ್ರಾಂಚಿನವರಾಗಿರುವುದಿಲ್ಲ. ನಾಲ್ಕೂ ಕ್ಲಿನಿಕ್‌ಗೆ ಸೇರಿ ಒಬ್ಬರೇ ಇದ್ದಾರೆ, ಅವರು ಆಫೀಸಿನಲ್ಲಿ ಕೂತು ಮಾಡುತ್ತಾರೆ.

ಈ ಶಿಫಾರಸು ಪ್ರಶ್ನೆ ನಾವು ಕಂಡುಹಿಡಿದದ್ದಲ್ಲ. ಫ್ರೆಡ್ ರೈಕ್‌ಹೆಲ್ಡ್ ಎಂಬ ಅಮೆರಿಕದ ಸಲಹೆಗಾರರು 2003ರಲ್ಲಿ ಇದನ್ನು ಬರೆದು ಪ್ರಕಟಿಸಿದರು. ಅವರ ಲೆಕ್ಕದಲ್ಲಿ 9 ಅಥವಾ 10 ಕೊಟ್ಟವರು ನಾಲ್ಕು ಜನಕ್ಕೆ ಹೇಳುವವರು. 0ರಿಂದ 6ರವರೆಗೆ ಕೊಟ್ಟವರು ಬೇಸರವಾದವರು. 7, 8 ಕೊಟ್ಟವರು ನಡುವಿನವರು. ಹೇಳುವವರ ಶೇಕಡಾವಾರಿನಿಂದ ಬೇಸರವಾದವರ ಶೇಕಡಾವಾರು ಕಳೆದರೆ ಸ್ಕೋರ್ ಸಿಗುತ್ತದೆ.

ಒಂದು ಲೆಕ್ಕ ಮಾಡಿ ನೋಡೋಣ. ಮೂರು ತಿಂಗಳಲ್ಲಿ ಒಂದು ಬ್ರಾಂಚಿನಿಂದ 50 ಜನ ಉತ್ತರ ಕೊಟ್ಟರು ಅಂದುಕೊಳ್ಳಿ. 26 ಜನ 9 ಅಥವಾ 10 ಕೊಟ್ಟರು, 15 ಜನ 7 ಅಥವಾ 8, ಉಳಿದ 9 ಜನ 6 ಅಥವಾ ಅದಕ್ಕಿಂತ ಕಡಿಮೆ. ನೂರಕ್ಕೆ 52ರಲ್ಲಿ 18 ಕಳೆದರೆ ಸ್ಕೋರ್ 34. ಮುಂದಿನ ಮೂರು ತಿಂಗಳಲ್ಲಿ ಎಲ್ಲಾ ಹಾಗೇ ಇದ್ದು, 9 ಕೊಡಬಹುದಾಗಿದ್ದ ಮೂರೇ ಮೂರು ಜನ 8 ಕೊಟ್ಟರೆ ಸ್ಕೋರ್ 28ಕ್ಕೆ ಇಳಿಯುತ್ತದೆ. ಕ್ಲಿನಿಕ್ ಕೆಟ್ಟಿತಾ? ಇಲ್ಲ. ಬರೀ 50 ಉತ್ತರ ಇದ್ದಾಗ ಸ್ಕೋರ್ ಸುಮ್ನೆ ಆಕಸ್ಮಿಕವಾಗಿಯೇ 20ರಷ್ಟು ಆಚೀಚೆ ಆಗಬಹುದು. 200 ಉತ್ತರ ಬಂದರೂ 10ರಷ್ಟು ಅಲ್ಲಾಡುತ್ತದೆ. ಹಾಗಾಗಿ ತಿಂಗಳು ತಿಂಗಳು ಸ್ಕೋರ್ ನೋಡಿ ಕುಣಿಯುವುದಾಗಲಿ, ಸಿಬ್ಬಂದಿಯನ್ನು ಬೈಯುವುದಾಗಲಿ ನಾವು ಮಾಡುವುದಿಲ್ಲ. ಮೂರು ತಿಂಗಳಿಗೊಮ್ಮೆ ಲೆಕ್ಕ ಹಾಕುತ್ತೇವೆ, ವರ್ಷದ ಮೇಲೆ ಏರಿತಾ ಇಳಿಯಿತಾ ನೋಡುತ್ತೇವೆ.

ನಮ್ಮ ಕಡೆ ಈ ಲೆಕ್ಕಕ್ಕೆ ಇನ್ನೊಂದು ತೊಡಕು ಇದೆ. ನೂರಕ್ಕೆ ಅರವತ್ತು ಬಂದರೆ ಫಸ್ಟ್ ಕ್ಲಾಸ್ ಅಂತ ಓದಿ ಬೆಳೆದವರು ನಾವೆಲ್ಲ. ಹತ್ತಕ್ಕೆ ಎಂಟು ಕೊಟ್ಟ ಮೇಷ್ಟ್ರು ಹೊಗಳಿದ ಹಾಗೆ, ಹತ್ತಕ್ಕೆ ಹತ್ತು ಯಾರಿಗೂ ಕೊಡುವುದಿಲ್ಲ ಅನ್ನುವ ಮೇಷ್ಟ್ರೂ ಇದ್ದರು, ಅಲ್ವಾ? ನಿಟ್ಟುವಳ್ಳಿಯಲ್ಲಿ ಮೊದಲು ಪರೀಕ್ಷೆಗೆ ಕೆಲವರನ್ನು ಕೇಳಿದಾಗ ಇದು ಕಣ್ಣಿಗೆ ಕಟ್ಟಿತು. ಒಬ್ಬ ಹಿರಿಯರು 6 ಕೊಟ್ಟು, "ಡಾಕ್ಟ್ರ ಕೈಗುಣ ಬಹಳ ಚೆನ್ನಾಗಿದೆ, ನನ್ನ ತಮ್ಮನಿಗೂ ಹೇಳೀನಿ" ಎಂದು ಬರೆದಿದ್ದರು. ಅಮೆರಿಕದ ಲೆಕ್ಕದಲ್ಲಿ ಅವರು ಬೇಸರವಾದವರು. ತಮ್ಮನಿಗೆ ಹೇಳಿಯೂ ಆಗಿದೆ! ಇದರ ಉಲ್ಟಾನೂ ಇದೆ. ಡಾಕ್ಟರಿಗೆ ಕಡಿಮೆ ನಂಬರ್ ಕೊಡುವುದು ಮರ್ಯಾದೆಯಲ್ಲ ಅಂತ ಕಣ್ಣು ಮುಚ್ಚಿ 10 ಒತ್ತಿದವರು, ಕೆಳಗೆ "ಎರಡು ಗಂಟೆ ಕೂತಿದ್ದೆ" ಅಂತ ಬರೆದಿದ್ದರು.

ಅದಕ್ಕೇ ನಮಗೆ ಎರಡನೇ ಪ್ರಶ್ನೆ ಜಾಸ್ತಿ ಮುಖ್ಯ. ನಂಬರ್ ಯಾರ ಮಾತನ್ನು ಮೊದಲು ಓದಬೇಕು ಅಂತ ತೋರಿಸುತ್ತದೆ. ಏನು ಮಾಡಬೇಕು ಅಂತ ತಿಳಿಯುವುದು ನಿಮ್ಮ ಮಾತಿನಿಂದ. ಇನ್ನೊಂದು ಊರಿನ ಆಸ್ಪತ್ರೆಯ ಸ್ಕೋರ್ ಜೊತೆಗೆ ನಮ್ಮದನ್ನು ಹೋಲಿಸುವುದೂ ಇಲ್ಲ. ನಮ್ಮ ನಾಲ್ಕು ಬ್ರಾಂಚುಗಳನ್ನೇ ಒಂದಕ್ಕೊಂದು ಹೋಲಿಸುವುದಿಲ್ಲ. ವಿನೋಬನಗರದಲ್ಲಿ ಬೇಡ ಅನಿಸಿದರೆ ಪಕ್ಕದ ರಸ್ತೆಯಲ್ಲಿ ಇನ್ನೊಬ್ಬ ಡಾಕ್ಟರ್ ಇರುತ್ತಾರೆ, ಜಗಳೂರಿನ ಹಳ್ಳಿಯವರಿಗೆ ಅಷ್ಟು ಆಯ್ಕೆ ಇಲ್ಲ. ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಯವರು 2013ರಲ್ಲಿ ಇಂಥದ್ದೇ ಶಿಫಾರಸು ಪ್ರಶ್ನೆ ಶುರು ಮಾಡಿ, 2020ರಲ್ಲಿ ಅದನ್ನು ಬಿಟ್ಟು "ಒಟ್ಟಾರೆ ನಿಮ್ಮ ಅನುಭವ ಹೇಗಿತ್ತು" ಅಂತ ಬದಲಾಯಿಸಿಕೊಂಡರು. ನಾವು ಶಿಫಾರಸಿನ ಪ್ರಶ್ನೆಯನ್ನೇ ಇಟ್ಟುಕೊಂಡಿದ್ದೇವೆ. "ಯಾರ ಹತ್ರ ತೋರಿಸಿದ್ರಿ?" ಅಂತ ಅಕ್ಕಪಕ್ಕದವರನ್ನು ಕೇಳಿಕೊಂಡೇ ಇಲ್ಲಿ ಜನ ಡಾಕ್ಟರ್ ಹುಡುಕುತ್ತಾರೆ. ಒಂದು ವರ್ಷ ನೋಡಿ, ಉಪಯೋಗಕ್ಕೆ ಬರಲಿಲ್ಲ ಅಂದರೆ ನಾವೂ ಬದಲಾಯಿಸುತ್ತೇವೆ.

ನಿಮ್ಮ ಮಾತಿನಿಂದ ಏನಾಗುತ್ತದೆ ಅನ್ನುವುದಕ್ಕೆ ಜಗಳೂರಿನಲ್ಲೂ ಪರೀಕ್ಷೆಗೆ ಕೇಳಿದಾಗ ಬಂದ ಒಂದು ಉತ್ತರ ಹೇಳುತ್ತೇವೆ. ಶುಗರ್ ಇರುವ ಒಬ್ಬ ಅಮ್ಮ 4 ಕೊಟ್ಟು, "ಒಂದು ಟೆಸ್ಟಿಗೆ ಎರಡು ದಿನ ಬಂದೆ" ಅಂದಿದ್ದರು. ಫೋನ್ ಮಾಡಿ ಕೇಳಿದಾಗ ವಿಷಯ ಬಿಚ್ಚಿಕೊಂಡಿತು. ಲ್ಯಾಬ್ ತೆರೆಯುತ್ತಿದ್ದುದು ಎಂಟೂವರೆಗೆ. ಖಾಲಿ ಹೊಟ್ಟೆಯ ರಕ್ತ ಕೊಟ್ಟು, ತಿಂಡಿ ತಿನ್ನಲು ಶುರು ಮಾಡುವಾಗ ಒಂಬತ್ತೂಕಾಲು. ತಿನ್ನಲು ಶುರು ಮಾಡಿದ ಹೊತ್ತಿನಿಂದ ಎರಡು ಗಂಟೆ ಬಿಟ್ಟು ಎರಡನೇ ಸಲ ರಕ್ತ ತೆಗೆಯಬೇಕು, ಅದರಲ್ಲಿ ಅವಸರ ಮಾಡುವಂತಿಲ್ಲ. ಅಲ್ಲಿಗೆ ಹನ್ನೊಂದೂಕಾಲು. ರಿಪೋರ್ಟ್ ಕೈಗೆ ಬರುವಾಗ ಹನ್ನೆರಡು ದಾಟಿತ್ತು, ಡಾಕ್ಟರಿಗೆ ತೋರಿಸಲು ಹೊಸ ಟೋಕನ್, ಮುಂದೆ ಉದ್ದ ಸಾಲು. ಒಂದು ಗಂಟೆಗೆ ಡಾಕ್ಟರ್ ಹೊರಟರು, ಊರಿನ ಬಸ್ಸೂ ಹೊರಟಿತು. ಅಮ್ಮ ಮಾರನೇ ದಿನ ಮತ್ತೆ ಬಂದರು.

ಟೆಸ್ಟ್ ಮಾಡಿದವರಾಗಲಿ, ಡಾಕ್ಟರಾಗಲಿ, ಕೌಂಟರಿನವರಾಗಲಿ ತಮ್ಮ ತಮ್ಮ ಕೆಲಸ ಸರಿಯಾಗಿಯೇ ಮಾಡಿದ್ದರು. ಮೂರನ್ನೂ ಜೋಡಿಸಿ ನೋಡಿದವರು ರೋಗಿ ಮಾತ್ರ. ಈಗ ಜಗಳೂರು ಲ್ಯಾಬ್ ಏಳು ಗಂಟೆಗೆ ತೆರೆಯುತ್ತದೆ. ಅದೇ ದಿನದ ರಿಪೋರ್ಟ್ ತೋರಿಸುವವರಿಗೆ ಹೊಸ ಟೋಕನ್ ಬೇಕಿಲ್ಲ, ಮೂವರು ಹೋದ ಮೇಲೆ ಒಬ್ಬರಂತೆ ಒಳಗೆ ಬಿಡುತ್ತೇವೆ. ಔಷಧಿ ಕಂಪನಿಯ ರೆಪ್‌ಗಳು ಸಾಲಿನ ನಡುವೆ ಒಳಗೆ ಹೋಗುವುದನ್ನೂ ನಾಲ್ಕು ಕಡೆ ನಿಲ್ಲಿಸಿದ್ದೇವೆ. ಇದನ್ನು ಬರೆದವರು ಒಬ್ಬಿಬ್ಬರಲ್ಲ.

ಎಲ್ಲಾ ಮಾತಿಗೂ ನಾವು ಬದಲಾಗುತ್ತೇವೆ ಅಂತ ಹೇಳಲಾರೆವು. "ನೆಗಡಿ ಜ್ವರ ಅಂತ ಹೋದ್ರೆ ಇಂಜೆಕ್ಷನ್ ಹಾಕಲಿಲ್ಲ, ಬರೀ ಮಾತ್ರೆ ಕೊಟ್ರು" ಅಂತ 3 ಕೊಟ್ಟವರಿದ್ದಾರೆ. ಗ್ಲೂಕೋಸ್ ಬಾಟಲಿ ಹಾಕಲಿಲ್ಲ ಅಂತ ಬೇಸರಪಟ್ಟವರಿದ್ದಾರೆ. ವೈರಸ್‌ನಿಂದ ಬಂದ ನೆಗಡಿಗೆ ಆ್ಯಂಟಿಬಯಾಟಿಕ್ ಕೆಲಸ ಮಾಡುವುದಿಲ್ಲ, ಇಂಜೆಕ್ಷನ್ ಆಗಿ ಕೊಟ್ಟರೂ ಅಷ್ಟೇ. ನೀರು ಕುಡಿದು ಊಟ ಮಾಡಬಲ್ಲವರಿಗೆ ಬಾಟಲಿ ಬೇಕಿಲ್ಲ. ಸ್ಕೋರ್ ಬಿದ್ದರೂ ಇಲ್ಲಿ ನಮ್ಮ ಡಾಕ್ಟರುಗಳ ಪರ ನಿಲ್ಲುತ್ತೇವೆ. ಆದರೆ ಯಾಕೆ ಬೇಡ ಅಂತ ನಿಮಗೆ ಅರ್ಥವಾಗುವ ಹಾಗೆ ಹೇಳಿದರಾ ಎಂದು ಅವರನ್ನು ಕೇಳುತ್ತೇವೆ. ಈ ಕಾರಣಕ್ಕಾಗಿಯೇ ಸ್ಕೋರ್‌ಗೂ ಡಾಕ್ಟರು, ನರ್ಸುಗಳ ಸಂಬಳಕ್ಕೂ ಗಂಟು ಹಾಕಿಲ್ಲ. ಗಂಟು ಹಾಕಿದ ದಿನ ಬಾಟಲಿಗಳು ಜಾಸ್ತಿಯಾಗುತ್ತವೆ, "ಸ್ವಲ್ಪ 10 ಕೊಡಿ ಸಾರ್" ಅನ್ನುವುದೂ ಶುರುವಾಗುತ್ತದೆ. ನಮ್ಮ ಸಿಬ್ಬಂದಿ ಯಾರಾದರೂ ಹಾಗೆ ಕೇಳಿದರೆ ಉತ್ತರದಲ್ಲಿ ಅದನ್ನೇ ಬರೆಯಿರಿ. ಜಾಸ್ತಿ ನಂಬರ್ ಕೊಟ್ಟವರನ್ನಷ್ಟೇ ಆರಿಸಿ ಗೂಗಲ್ ರಿವ್ಯೂ ಬರೆಸುವುದನ್ನೂ ನಾವು ಮಾಡುವುದಿಲ್ಲ.

6 ಅಥವಾ ಕಡಿಮೆ ಕೊಟ್ಟವರಿಗೆ ಎರಡು ದಿನದೊಳಗೆ ಫೋನ್ ಬರುತ್ತದೆ. ನಿಮ್ಮ ಹೆಸರು ಬ್ರಾಂಚಿಗೆ ಹೇಳಬಹುದಾ ಅಂತ ಮೊದಲು ಕೇಳುತ್ತಾರೆ. ಬೇಡ ಅಂದರೆ ಮಾತು ಮಾತ್ರ ಹೋಗುತ್ತದೆ, ಹೆಸರು ಹೋಗುವುದಿಲ್ಲ. ತಿಂಗಳಿಗೊಮ್ಮೆ ಬಿಪಿ, ಶುಗರ್‌ಗೆ ಬರುವವರಿಗೆ ಪ್ರತಿ ಸಲ ಕಾಟ ಕೊಡುವುದಿಲ್ಲ, ಒಂದು ಫೋನ್ ನಂಬರಿಗೆ ಮೂರು ತಿಂಗಳಲ್ಲಿ ಒಂದೇ ಸಲ. ದೊಡ್ಡ ಆಸ್ಪತ್ರೆಗೆ ಕಳಿಸಿದವರಿಗೆ ಈ ಮೆಸೇಜ್ ಹೋಗುವುದಿಲ್ಲ. ಅವರ ಮನೆಗೆ ನರ್ಸ್ ಫೋನ್ ಮಾಡಿ ಆರೋಗ್ಯ ವಿಚಾರಿಸುತ್ತಾರೆ.

ಹೆಣ್ಣುಮಕ್ಕಳಿಗೆ ಒಂದು ಮಾತು. ಎಷ್ಟೋ ಮನೆಗಳಲ್ಲಿ ಕೊಡುವ ನಂಬರ್ ಗಂಡನದೋ ಮಗನದೋ ಆಗಿರುತ್ತದೆ. ಮೆಸೇಜಿನಲ್ಲಿ ರೋಗಿಯ ಹೆಸರು, ಕಾಯಿಲೆ, ಯಾವ ಡಾಕ್ಟರ್, ಯಾವ ಟೆಸ್ಟ್ ಏನೂ ಇರುವುದಿಲ್ಲ. ಆದರೂ ಕ್ಲಿನಿಕ್‌ಗೆ ಬಂದದ್ದೇ ಮನೆಯಲ್ಲಿ ತಿಳಿಯುವುದು ಬೇಡ ಅನಿಸಬಹುದು. ಅದಕ್ಕೆ ಚೀಟಿ ಮಾಡಿಸುವಾಗ "ಮೆಸೇಜ್ ಕಳಿಸಬಹುದಾ?" ಅಂತ ಎಲ್ಲರನ್ನೂ ಕೇಳುತ್ತೇವೆ. ಬೇಡ ಅನ್ನಿ ಸಾಕು, ಕಾರಣ ಕೇಳುವುದಿಲ್ಲ. ಬೇರೆ ನಂಬರ್ ಕೊಟ್ಟರೂ ಆಗುತ್ತದೆ.

ಮೋಸದ ಮೆಸೇಜುಗಳ ಕಾಲ ಇದು. ನಮ್ಮ ಮೆಸೇಜಿನಲ್ಲಿ ಒತ್ತಬೇಕಾದ ಲಿಂಕ್ ಇರುವುದಿಲ್ಲ. ಓಟಿಪಿ, ಆಧಾರ್, ಬ್ಯಾಂಕ್ ವಿವರ ಕೇಳುವುದಿಲ್ಲ. ಬಹುಮಾನ, ರಿಯಾಯಿತಿ ಅಂತಲೂ ಬರುವುದಿಲ್ಲ. ಹಾಗೇನಾದರೂ ಬಂದರೆ ಅದು ನಮ್ಮದಲ್ಲ. ಮೆಸೇಜ್ ಬರುವ ನಂಬರನ್ನು ನಾಲ್ಕೂ ಕೌಂಟರಿನಲ್ಲಿ ದೊಡ್ಡದಾಗಿ ಅಂಟಿಸಿರುತ್ತೇವೆ.

ಮೊದಲ ಮೂರು ತಿಂಗಳು ಮುಗಿದ ಮೇಲೆ ಪ್ರತಿ ಬ್ರಾಂಚಿನ ನೋಟಿಸ್ ಬೋರ್ಡಿನಲ್ಲಿ ಒಂದು ಹಾಳೆ ಹಾಕುತ್ತೇವೆ: ಎಷ್ಟು ಜನರನ್ನು ಕೇಳಿದೆವು, ಎಷ್ಟು ಜನ ಉತ್ತರ ಕೊಟ್ಟರು, ಸ್ಕೋರ್ ಎಷ್ಟು, ಜಾಸ್ತಿ ಜನ ಹೇಳಿದ ಮೂರು ತೊಂದರೆ ಯಾವುವು, ಅದರಲ್ಲಿ ಯಾವುದು ಸರಿಯಾಯಿತು, ಯಾವುದು ಇನ್ನೂ ಆಗಿಲ್ಲ. ಕೇಳಿದವರಲ್ಲಿ ಕಾಲುಭಾಗವೂ ಉತ್ತರ ಕೊಡದಿದ್ದರೆ ಸ್ಕೋರ್ ಹಾಕುವುದಿಲ್ಲ, ಮಾತುಗಳನ್ನಷ್ಟೇ ಹಾಕುತ್ತೇವೆ. ಹಳೆಯ ಸಲಹೆ ಪುಸ್ತಕದಲ್ಲಿ ನೀವು ಬರೆದ ದೂರಿಗೆ ಇನ್ನೂ ಉತ್ತರ ಸಿಕ್ಕಿಲ್ಲವೆಂದರೆ, ಕೌಂಟರಿನಲ್ಲಿ ನಿಮ್ಮ ಹೆಸರು ಹೇಳಿ. ಆ ಪುಸ್ತಕಗಳು ಆಫೀಸಿನಲ್ಲಿವೆ, ತೆಗೆದು ನೋಡಿ ಫೋನ್ ಮಾಡುತ್ತೇವೆ.

ಇತಿ,
ನಾಲ್ಕೂ ಕ್ಲಿನಿಕ್‌ಗಳ ಆಡಳಿತದ ಪರವಾಗಿ
ದಾವಣಗೆರೆ